ಅಪರಿಚಿತರ ಶಿಫಾರಸು ಕೋರಿಕೆ: ಪರಿಶೀಲನೆ ಮತ್ತು ನಯವಾದ ನಿರಾಕರಣೆ

ವರ್ತಕರ ಮೊಬೈಲಿಗೆ ಬರುವ ಸಂದೇಶಗಳಲ್ಲಿ ಒಂದು ಬಗೆಯದು ಹಣವನ್ನು ಕೇಳುವುದಿಲ್ಲ, ಸರಕನ್ನೂ ಕೇಳುವುದಿಲ್ಲ. ಅದು ಕೇಳುವುದು ಒಂದು ಪರಿಚಯದ ಮಾತನ್ನು ಮಾತ್ರ. ತಮಗೆ ಸರಕು ಒದಗಿಸುವ ತಯಾರಕರಿಗೆ ಅಥವಾ ತಮ್ಮ ಬ್ಯಾಂಕಿಗೆ ತನ್ನ ಬಗ್ಗೆ ಎರಡು ಸಾಲು ಬರೆದುಕೊಡಿ ಎಂದು ಅಪರಿಚಿತನೊಬ್ಬ ಕೋರುತ್ತಾನೆ. ಕೈಯಿಂದ ಏನೂ ಹೋಗುವುದಿಲ್ಲವೆಂಬ ಭಾವನೆಯಿಂದ ಅನೇಕರು ಬರೆದುಕೊಟ್ಟುಬಿಡುತ್ತಾರೆ. ಉದ್ದರಿ ವ್ಯಾಪಾರದಲ್ಲಿ ಆ ಎರಡು ಸಾಲುಗಳಿಗೆ ಬೆಲೆಯುಂಟು. ತಯಾರಕರು ಸರಕನ್ನು ಕಳುಹಿಸುವುದು ಅವುಗಳನ್ನು ನಂಬಿಯೇ.

ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ಟುಗಳ ಸಗಟು ವರ್ತಕರೊಬ್ಬರಿದ್ದಾರೆ. ಅವರಿಗೆ ಸರಕು ಬರುವುದು ಕೊಯಮತ್ತೂರಿನ ತಯಾರಕರಿಂದ. ಒಂದು ಶುಕ್ರವಾರ ಸಂಜೆ ಅವರಿಗೆ ವಾಟ್ಸಾಪ್ ಸಂದೇಶ ಬರುತ್ತದೆ. ಕಳುಹಿಸಿದವನು ಗದಗಿನವನೆಂದೂ, 10 ವರ್ಷಗಳಿಂದ ಪ್ರೈವೇಟ್ ಲಿಮಿಟೆಡ್ ಕಂಪನಿ ನಡೆಸುತ್ತಿರುವುದಾಗಿಯೂ ಹೇಳಿಕೊಂಡಿದ್ದಾನೆ. ಅದೇ ತಯಾರಕರಿಂದ 9 ಲಕ್ಷ ರೂಪಾಯಿಯ ಸರಕನ್ನು 30 ದಿನಗಳ ಉದ್ದರಿಯ ಮೇಲೆ ಪಡೆಯಬೇಕಾಗಿದೆಯಂತೆ. ‘ಮೂರು ವರ್ಷಗಳಿಂದ ಪರಿಚಿತರು, ಪಾವತಿ ಸಕಾಲದಲ್ಲಿ ಬರುತ್ತದೆ ಎಂದು ಒಂದು ಸಾಲು ಬರೆದರೆ ಸಾಕು, ಇದು ಬರೀ ಔಪಚಾರಿಕ, ನಾಳೆ ಮಧ್ಯಾಹ್ನದೊಳಗೆ ಬೇಕು’ ಎಂಬುದು ಕೋರಿಕೆ. ಜೊತೆಯಲ್ಲಿ ಲೆಟರ್‌ಹೆಡ್ಡಿನ ಚಿತ್ರ ಹಾಗೂ ಜಿಎಸ್‌ಟಿ ಸಂಖ್ಯೆ ಇವೆ.

ಮೊದಲು ಗಮನಿಸತಕ್ಕದ್ದು ಕೋರಿಕೆಯ ಸ್ವರೂಪವನ್ನು. ಪ್ರಾಮಾಣಿಕನಾದವನು ‘ನಿಮಗೆ ತಿಳಿದಷ್ಟನ್ನು ಹೇಳಿ’ ಎನ್ನುತ್ತಾನೆ. ಇಲ್ಲಿಯಾದರೋ ಹೇಳಬೇಕಾದ ಮಾತನ್ನು ಅವನೇ ಬರೆದುಕೊಟ್ಟಿದ್ದಾನೆ. ಅದು ವರ್ತಕರಿಗೆ ತಿಳಿದಿರುವ ಮಾತಲ್ಲ. ಮೂರು ವರ್ಷಗಳ ಪರಿಚಯವೆಂಬುದು ಸುಳ್ಳೆಂದು ಇಬ್ಬರಿಗೂ ಗೊತ್ತು. ಲೆಟರ್‌ಹೆಡ್ ಎಷ್ಟೇ ಅಂದವಾಗಿದ್ದರೂ ಈ ಒಂದು ಅಂಶವೇ ಕೋರಿಕೆಯನ್ನು ಪಕ್ಕಕ್ಕಿಡಲು ಸಾಕು. ಆದರೂ ಪರಿಶೀಲನೆ ಹತ್ತು ನಿಮಿಷದ ಕೆಲಸವಾದ್ದರಿಂದ ಅದನ್ನು ಪೂರ್ಣಗೊಳಿಸುವುದು ಲೇಸು.

ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರಗಳಿರುತ್ತವೆ. ಮೊದಲ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ, ಕರ್ನಾಟಕಕ್ಕೆ 29. ಅನಂತರದ ಹತ್ತು ಅಕ್ಷರಗಳು ನೋಂದಾಯಿತ ವ್ಯಕ್ತಿಯ ಅಥವಾ ಸಂಸ್ಥೆಯ ಪ್ಯಾನ್ ಸಂಖ್ಯೆ. ಪ್ಯಾನ್‌ನ ನಾಲ್ಕನೆಯ ಅಕ್ಷರ, ಅಂದರೆ ಜಿಎಸ್‌ಟಿ ಸಂಖ್ಯೆಯ ಆರನೆಯ ಅಕ್ಷರ, ಒಡೆತನದ ಬಗೆಯನ್ನು ತಿಳಿಸುತ್ತದೆ. ಕಂಪನಿಯಾದರೆ C, ಪಾಲುದಾರಿಕೆ ಸಂಸ್ಥೆಯಾದರೆ F, ಒಬ್ಬ ವ್ಯಕ್ತಿಯಾದರೆ P. ಹುಬ್ಬಳ್ಳಿಯ ವರ್ತಕರಿಗೆ ಬಂದ ಸಂಖ್ಯೆಯ ಆರನೆಯ ಅಕ್ಷರ P. ಆದುದರಿಂದ ಸಂದೇಶದಲ್ಲಿ ಹೇಳಿರುವ ಪ್ರೈವೇಟ್ ಲಿಮಿಟೆಡ್ ಕಂಪನಿಯ ಸಂಖ್ಯೆ ಇದಾಗಿರಲಾರದು. ಯಾವ ಜಾಲತಾಣವನ್ನೂ ತೆರೆಯದೆ ಇಷ್ಟು ತಿಳಿಯಿತು.

ಮುಂದೆ www.gst.gov.in ತಾಣದಲ್ಲಿ Search Taxpayer ಎಂಬಲ್ಲಿ ಸಂಖ್ಯೆಯನ್ನು ನಮೂದಿಸಿದರೆ ಕಾನೂನುಬದ್ಧ ಹೆಸರು, ವ್ಯಾಪಾರನಾಮ, ನೋಂದಣಿ ಜಾರಿಗೆ ಬಂದ ದಿನಾಂಕ, ವ್ಯವಹಾರದ ಸ್ಥಳ ಹಾಗೂ ನೋಂದಣಿ ಚಾಲ್ತಿಯಲ್ಲಿದೆಯೇ ರದ್ದಾಗಿದೆಯೇ ಎಂಬ ವಿವರಗಳು ದೊರೆಯುತ್ತವೆ. ಇದಕ್ಕೆ ಲಾಗಿನ್ ಬೇಕಿಲ್ಲ. ಈ ಪ್ರಕರಣದಲ್ಲಿ ಏಕವ್ಯಕ್ತಿ ಮಾಲೀಕತ್ವವೆಂದೂ, ನೋಂದಣಿಯಾಗಿ ಎರಡು ತಿಂಗಳಾಯಿತೆಂದೂ ಕಂಡುಬರುತ್ತದೆ. ಹತ್ತು ವರ್ಷಗಳ ಮಾತು ಇಲ್ಲಿ ನಿಲ್ಲುವುದಿಲ್ಲ. ಆದರೂ ಆತುರದ ತೀರ್ಮಾನ ಸಲ್ಲದು. ತಂದೆಯ ಅಂಗಡಿಯನ್ನು ಮಗ ತನ್ನ ಹೆಸರಿನಲ್ಲಿ ಮುಂದುವರಿಸಿದಾಗಲೂ ನೋಂದಣಿ ಹೊಸದೇ ಆಗಿರುತ್ತದೆ. ಹಾಗೆಯೇ ರಿಟರ್ನ್ ಸಲ್ಲಿಕೆಯ ಪಟ್ಟಿಯಲ್ಲಿ ಕೆಲವು ತಿಂಗಳು ಕಾಣದಿದ್ದ ಮಾತ್ರಕ್ಕೆ ಸಂಶಯಪಡಬೇಕಾಗಿಲ್ಲ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿಯವರೆಗೆ ಇರುವವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಸೌಲಭ್ಯ 2021ರ ಜನವರಿಯಿಂದ ಜಾರಿಯಲ್ಲಿದೆ.

ಇನ್ನೊಂದು ಮಿತಿ ಇದಕ್ಕಿಂತ ಮುಖ್ಯವಾದುದು. ಜಿಎಸ್‌ಟಿ ಸಂಖ್ಯೆ ಪ್ರತಿಯೊಂದು ಬಿಲ್ಲಿನ ಮೇಲೂ ಅಚ್ಚಾಗಿರುತ್ತದೆ, ಬಿಲ್ಲು ಕೈಗೆ ಸಿಕ್ಕ ಯಾರಾದರೂ ಅದನ್ನು ನಕಲು ಮಾಡಬಹುದು. ಎಲ್ಲ ವಿವರಗಳೂ ತಾಳೆಯಾದರೆ ಅಂತಹ ಸಂಸ್ಥೆ ಇದೆಯೆಂದು ಸಿದ್ಧವಾಗುತ್ತದೆಯೇ ಹೊರತು ಸಂದೇಶ ಕಳುಹಿಸಿದವನು ಅದಕ್ಕೆ ಸೇರಿದವನೆಂದು ಅಲ್ಲ. ಇದನ್ನು ತಿಳಿಯಲು ಸಂದೇಶದಲ್ಲಿರುವ ದೂರವಾಣಿ ಸಂಖ್ಯೆಗೆ ಕರೆಮಾಡಿ ಪ್ರಯೋಜನವಿಲ್ಲ. ಆ ಊರಿನ ಪರಿಚಿತ ವರ್ತಕರಿಂದಲೋ ಸ್ಥಳೀಯ ವರ್ತಕರ ಸಂಘದಿಂದಲೋ ಬೇರೆಯಾಗಿ ಪಡೆದ ಸಂಖ್ಯೆಗೆ ಕರೆಮಾಡಬೇಕು. ಜೊತೆಗೆ ಕಳುಹಿಸಿದವನನ್ನು ಒಂದೇ ಪ್ರಶ್ನೆ ಕೇಳಬೇಕು: ‘ನಮ್ಮ ಹೆಸರನ್ನು ತಮಗೆ ತಿಳಿಸಿದವರು ಯಾರು?’ ನಿಜವಾದ ಕೋರಿಕೆಯಾದರೆ ಒಂದು ಹೆಸರು ಬರುತ್ತದೆ. ಅಲ್ಲವಾದರೆ ಅವಸರದ ಮಾತುಗಳಷ್ಟೇ ಮತ್ತೆ ಬರುತ್ತವೆ.

ಹುಬ್ಬಳ್ಳಿಯ ವರ್ತಕರಿಗೆ ಒಂದು ಹೆಸರೇ ಬಂದಿತೆನ್ನೋಣ. ಆ ಮಧ್ಯಸ್ಥರನ್ನು ವಿಚಾರಿಸಿದಾಗ ‘ಅವರು ಒಂದೆರಡು ಸಲ ಅಂಗಡಿಗೆ ಬಂದಿದ್ದರು, ಅಷ್ಟೆ’ ಎಂಬ ಉತ್ತರ ದೊರೆಯಿತು. ಅಂದರೆ ಮನುಷ್ಯ ಇದ್ದಾನೆ, ಮೋಸಗಾರನಾಗಿರಬೇಕೆಂದೇನೂ ಇಲ್ಲ. ಉದ್ದರಿಗಾಗಿ ಪರದಾಡುತ್ತಿರುವ ಹೊಸ ವ್ಯಾಪಾರಿಯೂ ಆಗಿರಬಹುದು. ಆದರೂ ಶಿಫಾರಸು ಕೊಡುವಂತಿಲ್ಲ. ಅವನ ಪಾವತಿಯ ಕ್ರಮ ಈ ವರ್ತಕರಿಗೆ ತಿಳಿಯದು. ಕೋರಿಕೆ ನೈಜವೇ ಎಂಬುದು ಒಂದು ಪ್ರಶ್ನೆ, ಶಿಫಾರಸಿಗೆ ಆಧಾರವಿದೆಯೇ ಎಂಬುದು ಬೇರೊಂದು ಪ್ರಶ್ನೆ.

ಕಾನೂನಿನ ದೃಷ್ಟಿಯಿಂದಲೂ ಎಚ್ಚರ ಅಗತ್ಯ. ಬರಿಯ ಪರಿಚಯಪತ್ರ ಜಾಮೀನಾಗುವುದಿಲ್ಲ. ಆದರೆ ಭಾರತೀಯ ಕರಾರು ಅಧಿನಿಯಮ, 1872ರ 126ನೆಯ ಕಲಮಿನ ಪ್ರಕಾರ ಜಾಮೀನು ಬಾಯಿಮಾತಿನದೂ ಆಗಬಹುದು. ‘ಹಣ ಬರದಿದ್ದರೆ ನಾನಿದ್ದೇನೆ’ ಎಂದು ತಯಾರಕರಿಗೆ ಫೋನಿನಲ್ಲಿ ಧಾರಾಳವಾಗಿ ಹೇಳಿ, ಅದನ್ನು ನಂಬಿ ಅವರು ಸರಕು ಕಳುಹಿಸಿದರೆ, ಅದು ಜಾಮೀನೇ ಎಂದು ವಾದಿಸಲು ಎಡೆಯಾಗುತ್ತದೆ. ಜಾಮೀನೆಂದು ಸಿದ್ಧವಾದರೆ, ಬೇರೆ ಷರತ್ತಿಲ್ಲದಿದ್ದಲ್ಲಿ, 128ನೆಯ ಕಲಮಿನಂತೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಮೇಲಿನ ಪ್ರಕರಣದಲ್ಲಿ ಆ ಮೊತ್ತ 9 ಲಕ್ಷ.

ನಿರಾಕರಣೆಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ‘ನೋಡೋಣ’, ‘ಮುಂದಿನ ವಾರ ವಿಚಾರಿಸಿ’ ಎನ್ನುವುದು. ದಾಕ್ಷಿಣ್ಯದಿಂದ ಹುಟ್ಟಿದ ಈ ಮಾತನ್ನು ಎದುರಿನವನು ಒಪ್ಪಿಗೆಯೆಂದೇ ತಿಳಿದು, ತಯಾರಕರ ಬಳಿ ವರ್ತಕರ ಹೆಸರು ಹೇಳಿಬಿಡುವುದುಂಟು. ಪಟ್ಟಿಮಾಡಿದ ಕಾರಣಗಳೂ ಬೇಡ, ಪ್ರತಿ ಕಾರಣಕ್ಕೂ ಅವನ ಬಳಿ ಒಂದು ಸಮಾಧಾನ ಸಿದ್ಧವಿರುತ್ತದೆ. ಸಂಶಯ ಎಷ್ಟೇ ಬಲವಾಗಿದ್ದರೂ ಅದನ್ನು ಪತ್ರದಲ್ಲಿ ಕಾಣಿಸತಕ್ಕದ್ದಲ್ಲ. ಉತ್ತರ ಈ ರೀತಿ ಇರಬಹುದು:

‘ಮಾನ್ಯರೇ, ನಮಸ್ಕಾರ. ತಮ್ಮ ಸಂದೇಶ ತಲುಪಿತು. ನಾವು ಸ್ವತಃ ವ್ಯವಹಾರ ನಡೆಸಿದವರ ಬಗ್ಗೆ ಮಾತ್ರ ಪರಿಚಯಪತ್ರ ನೀಡುವ ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ಆದ್ದರಿಂದ ತಮ್ಮ ಕೋರಿಕೆಯನ್ನು ನಡೆಸಿಕೊಡಲು ಆಗುವುದಿಲ್ಲ. ತಯಾರಕರು ಹೊಸ ವರ್ತಕರ ಅರ್ಜಿಗಳನ್ನು ನೇರವಾಗಿಯೇ ಪರಿಶೀಲಿಸುತ್ತಾರೆ, ತಾವು ಅವರ ಮಾರಾಟ ವಿಭಾಗಕ್ಕೆ ಬರೆಯಬಹುದು. ದಯವಿಟ್ಟು ಅರ್ಜಿಯಲ್ಲಿ ನಮ್ಮ ಹೆಸರನ್ನು ಉಲ್ಲೇಖಿಸಬಾರದಾಗಿ ವಿನಂತಿ. ತಮ್ಮ ವ್ಯಾಪಾರಕ್ಕೆ ಶುಭವಾಗಲಿ.’

ಇದರಲ್ಲಿ ನಿರಾಕರಣೆಗೆ ಕಾರಣ ವರ್ತಕರ ಪದ್ಧತಿ, ಕೇಳಿದವನ ಯೋಗ್ಯತೆಯಲ್ಲ. ಹೀಗಾಗಿ ಸಜ್ಜನನಾದರೆ ಅವನ ಮನಸ್ಸು ನೋಯುವುದಿಲ್ಲ, ಅಲ್ಲದವನಿಗೆ ವಾದಕ್ಕೆ ಆಸ್ಪದವಿರುವುದಿಲ್ಲ. ತಯಾರಕರ ಅಧಿಕಾರಿಯ ಹೆಸರು, ಮೊಬೈಲ್ ಸಂಖ್ಯೆಗಳನ್ನು ಕೊಟ್ಟಿಲ್ಲವೆಂಬುದನ್ನೂ ಗಮನಿಸಬೇಕು. ಅವುಗಳನ್ನು ಕೊಟ್ಟರೆ ‘ಹುಬ್ಬಳ್ಳಿಯವರು ಕಳುಹಿಸಿದರು’ ಎಂಬ ಮಾತಿಗೆ ದಾರಿಯಾಗುತ್ತದೆ, ಅದೂ ಒಂದು ಬಗೆಯ ಶಿಫಾರಸೇ. ಮತ್ತೆ ಒತ್ತಾಯ ಬಂದರೆ ‘ಹಿಂದಿನ ಉತ್ತರವೇ ಅಂತಿಮ’ ಎಂಬ ಒಂದು ಸಾಲು ಸಾಕು.

ಇಷ್ಟಾದ ಮೇಲೂ ಕೊಯಮತ್ತೂರಿನಿಂದ ವಿಚಾರಣೆ ಬಂದರೆ ‘ಇವರೊಡನೆ ನಾವು ವ್ಯವಹಾರ ನಡೆಸಿಲ್ಲ, ಪರಿಚಯಪತ್ರವನ್ನೂ ಕೊಟ್ಟಿಲ್ಲ’ ಎಂದಷ್ಟೇ ತಿಳಿಸಬೇಕು. ‘ಮೋಸಗಾರ’ ಎಂಬ ಪದವನ್ನು ಬಳಸಿ ಅದು ಸಿದ್ಧವಾಗದೇ ಹೋದರೆ ಮಾನನಷ್ಟದ ದೂರಿಗೆ ಅವಕಾಶವಾದೀತು. ಮೂಲ ಸಂದೇಶ, ಕೊಟ್ಟ ಉತ್ತರ ಹಾಗೂ ಜಿಎಸ್‌ಟಿ ತಾಣದ ವಿವರಗಳ ಮುದ್ರಿತ ಪ್ರತಿಯನ್ನು ದಿನಾಂಕ ಸಹಿತ ಕಡತದಲ್ಲಿರಿಸಿದರೆ, ತಯಾರಕರು ಕೇಳಿದಾಗ ನೆನಪನ್ನು ಅವಲಂಬಿಸಬೇಕಾಗುವುದಿಲ್ಲ.