ಈ ಕೆಲಸ ಯಾಕೆ ಬಿಡ್ತಿದ್ದೀರಿ ಎಂದು ಕೇಳಿದಾಗ

ಉರ್ವದಿಂದ ಕೊಟ್ಟಾರ ಎಷ್ಟು ಹತ್ತಿರ ಎಂದು ನಿನಗೇ ಗೊತ್ತು. ಇನ್ಫೋಸಿಸ್ ಅಲ್ಲಿಗೆ ಬಂದ ಮೇಲೆ ನಮ್ಮ ಓಣಿಗಳಲ್ಲಿ ಸಾಫ್ಟ್‌ವೇರಿನವರಿಲ್ಲದ ಮನೆ ಹುಡುಕಬೇಕು. ಮುಡಿಪು ಕ್ಯಾಂಪಸ್ಸಿಗೆ ಹೋಗುವವರು, ನಗರದ ಸಣ್ಣ ಕಂಪೆನಿಗಳಲ್ಲಿ ಇರುವವರು, ಬೆಂಗಳೂರಿನ ಕಂಪೆನಿಗೆ ಮನೆಯಿಂದಲೇ ಕೆಲಸ ಮಾಡುವವರು, ಎಲ್ಲರೂ ಇದ್ದಾರೆ. ಸಂದರ್ಶನದ ಮೇಜಿನ ಆಚೆ ಬದಿಯಲ್ಲಿ ವರ್ಷಗಟ್ಟಲೆ ಕೂತವನು ಎಂದು ಅವರಲ್ಲಿ ಕೆಲವರು ನನ್ನ ಬಳಿ ಬರುತ್ತಾರೆ. ಕೋಡಿಂಗ್ ಪ್ರಶ್ನೆಗೆ ಅವರು ತಯಾರಾಗಿಯೇ ಇರುತ್ತಾರೆ. ಎಡವುವುದು ಒಂದೇ ಕಡೆ: ಈಗಿನ ಕೆಲಸ ಯಾಕೆ ಬಿಡ್ತಿದ್ದೀರಿ?

ಹತ್ತಿರದ ಮನೆಯ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ನಾಲ್ಕು ವರ್ಷದಿಂದ ಒಂದು ಇನ್ಶೂರೆನ್ಸ್ ಅಪ್ಲಿಕೇಶನ್ನಿನ ಸಪೋರ್ಟ್ ಕೆಲಸ. ಟಿಕೆಟ್ ಬಂದರೆ ನೋಡುವುದು, ಲಾಗ್ ತೆಗೆಯುವುದು, ಡೇಟಾ ಸರಿಮಾಡಿ ಮುಚ್ಚುವುದು. ವಾರ ಬಿಟ್ಟು ವಾರ ನೈಟ್ ಶಿಫ್ಟ್. ಈಗ ಜಾವಾ ಬ್ಯಾಕೆಂಡ್ ಡೆವಲಪರ್ ಹುದ್ದೆಗೆ ಸಂದರ್ಶನ ಬಂದಿತ್ತು. ಉತ್ತರ ಹೇಳು ನೋಡೋಣ ಎಂದೆ. ಅವಳು ಹೇಳಿದ್ದು ಹೀಗೆ:

“ಅಲ್ಲಿ ಕಲೀಲಿಕ್ಕೆ ಏನೂ ಇಲ್ಲ ಅಂಕಲ್. ಡೆವಲಪ್‌ಮೆಂಟಿಗೆ ಹಾಕ್ತೇವೆ ಅಂತ ಮ್ಯಾನೇಜರ್ ಹೇಳ್ತಾನೇ ಇದ್ರು, ಹಾಕ್ಲಿಲ್ಲ. ಯಾವಾಗ ನೋಡಿದ್ರೂ ನೈಟ್ ಶಿಫ್ಟ್. ಹೈಕೂ ಸರಿ ಇಲ್ಲ.”

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ಆಚೆ ಕೂತವನಿಗೆ ಅವಳ ಮ್ಯಾನೇಜರನ್ನು ಕರೆದು ವಿಚಾರಿಸುವ ದಾರಿ ಇಲ್ಲ. ಅವನ ಮುಂದಿರುವುದು ಅವಳೊಬ್ಬಳೇ, ಹಾಗಾಗಿ ಆ ಮಾತಿನಿಂದ ಅವನು ಅವಳನ್ನೇ ಅಳೆಯುತ್ತಾನೆ. ಕಲಿಯಲಿಕ್ಕೆ ಏನೂ ಇಲ್ಲ ಎಂದರೆ, ನಾಲ್ಕು ವರ್ಷ ಈಕೆ ಏನೂ ಕಲಿತಿಲ್ಲ ಎಂದು ಬರೆದುಕೊಳ್ಳುತ್ತಾನೆ. ಮ್ಯಾನೇಜರನ್ನು ದೂರಿದರೆ, ನಾಳೆ ನನ್ನ ಬಗ್ಗೆಯೂ ಹೀಗೇ ಹೇಳುತ್ತಾಳೆ ಎಂದುಕೊಳ್ಳುತ್ತಾನೆ. ನಮ್ಮ ಮಂಗಳೂರಿನಲ್ಲಂತೂ ಆ ಮ್ಯಾನೇಜರ್ ಇವನ ಸುರತ್ಕಲ್ ಕಾಲೇಜಿನ ಸಹಪಾಠಿಯೇ ಆಗಿದ್ದರೂ ಆಶ್ಚರ್ಯವಿಲ್ಲ.

ಸಂಬಳದ ಮಾತಿಗೆ ಇನ್ನೊಂದು ಅರ್ಥವಿದೆ. ನಮ್ಮಲ್ಲಿ ಅನೇಕ ಕಂಪೆನಿಗಳ ನೋಟಿಸ್ ಪಿರಿಯಡ್ 90 ದಿನ. ನಿನಗೆ ಆಫರ್ ಕೊಟ್ಟವರು ಮೂರು ತಿಂಗಳು ಕಾಯಬೇಕು. ಅಷ್ಟರಲ್ಲಿ ಹಳೆಯ ಕಂಪೆನಿ ಸಂಬಳ ಏರಿಸಿ ಉಳಿಸಿಕೊಂಡರೆ, ಅಥವಾ ನೀನು ಬೇರೆ ಕಡೆಯ ಇನ್ನೂ ದೊಡ್ಡ ಆಫರ್ ಹಿಡಿದುಕೊಂಡು ಹೋದರೆ, ಇವರ ಹುದ್ದೆ ಮತ್ತೆ ಖಾಲಿ. ಆ ಪ್ರಶ್ನೆಯ ಹಿಂದಿರುವ ದೊಡ್ಡ ಭಯ ಇದು. ದುಡ್ಡೇ ಮುಖ್ಯ ಕಾರಣ ಎಂದರೆ ಆ ಕೊರತೆಯನ್ನು ಹಳೆಯ ಕಂಪೆನಿ ಒಂದು ಇಮೇಲಿನಲ್ಲಿ ತುಂಬಿಸಬಹುದು. ಬೇಕಾದದ್ದು ಬೇರೆ ಬಗೆಯ ಕೆಲಸ, ಅದು ಅಲ್ಲಿಲ್ಲ ಎಂದರೆ ಸಂಬಳ ಏರಿಸಿ ತುಂಬಿಸಲಿಕ್ಕೆ ಬರುವುದಿಲ್ಲ. ಕೇಳುವವನಿಗೆ ಧೈರ್ಯ ಬರುವುದು ಅಂಥ ಕಾರಣದಿಂದ.

ಹಾಗೆಂದು ಕಾರಣ ಕಟ್ಟಿ ಹೇಳಬೇಡ. “ಬೆಟರ್ ಗ್ರೋತ್, ನ್ಯೂ ಚಾಲೆಂಜಸ್” ಎಂದು ಬಾಯಿಪಾಠ ಮಾಡಿದ್ದನ್ನು ದಿನಕ್ಕೆ ಹತ್ತು ಜನ ಹೇಳುತ್ತಾರೆ, ಯಾರೂ ಅದನ್ನು ಬರೆದುಕೊಳ್ಳುವುದಿಲ್ಲ. ನಿನ್ನ ದೂರಿನ ಒಳಗೇ ನಿಜವಾದ ಕಾರಣ ಇರುತ್ತದೆ. ಆ ಹುಡುಗಿಯನ್ನು ಕೇಳಿದೆ: ಸಪೋರ್ಟ್ ಕೆಲಸದಲ್ಲಿ ನಿನಗೆ ಖುಷಿ ಕೊಟ್ಟ ಒಂದು ದಿನ ಹೇಳು. ಒಂದೇ ಪ್ರೀಮಿಯಂ ಎರಡು ಸಲ ದಾಖಲಾಗುವ ದೂರು ಪದೇ ಪದೇ ಬರುತ್ತಿತ್ತಂತೆ. ಎಲ್ಲರೂ ಹೆಚ್ಚುವರಿ ದಾಖಲೆ ಅಳಿಸಿ ಟಿಕೆಟ್ ಮುಚ್ಚುತ್ತಿದ್ದರು. ಇವಳು ಲಾಗ್ ಹಿಡಿದು ಹಿಂದೆ ಹಿಂದೆ ಹೋಗಿ, ಟೈಮ್‌ಔಟ್ ಆದಾಗ ಪೇಮೆಂಟಿನ ಕೋರಿಕೆ ಎರಡನೇ ಸಲ ಹೋಗುತ್ತದೆ ಎಂದು ಪತ್ತೆಹಚ್ಚಿದಳು. ಡೆವಲಪರ್ ಜೊತೆ ಕೂತು ಕೋಡ್ ತಿದ್ದಿಸಿದಳು. ಆ ಟಿಕೆಟ್ ಮತ್ತೆ ಬರಲಿಲ್ಲ. ನಿನ್ನ ಉತ್ತರ ಇಲ್ಲೇ ಇದೆಯಲ್ಲ ಎಂದೆ. ಮರುದಿನ ಅವಳು ಬರೆದು ತಂದದ್ದು ಇದು:

“ನಾಲ್ಕು ವರ್ಷದಿಂದ ಒಂದು ಇನ್ಶೂರೆನ್ಸ್ ಅಪ್ಲಿಕೇಶನ್ನಿನ ಸಪೋರ್ಟಿನಲ್ಲಿದ್ದೇನೆ. ಓಡುತ್ತಿರುವ ಸಿಸ್ಟಮ್ ಎಲ್ಲಿ, ಯಾಕೆ ಕೈಕೊಡುತ್ತದೆ ಎಂದು ಅಲ್ಲಿ ಕಲಿತೆ. ಎರಡೆರಡು ಪೇಮೆಂಟ್ ದಾಖಲಾಗುವ ತೊಂದರೆಯ ಮೂಲ ಹುಡುಕಿ ಸರಿಮಾಡಿಸಿದ ಮೇಲೆ, ಕೋಡ್ ಬರೆಯುವ ಕೆಲಸವೇ ನನಗೆ ಬೇಕು ಎಂದು ಖಚಿತವಾಯಿತು. ಒಳಗೇ ಕೇಳಿದೆ, ಈಗಿನ ಪ್ರಾಜೆಕ್ಟಿನಲ್ಲಿ ಅದಕ್ಕೆ ಅವಕಾಶ ಇಲ್ಲ. ನಿಮ್ಮ ಹುದ್ದೆ ಪೇಮೆಂಟಿನ ಬ್ಯಾಕೆಂಡ್ ಎಂದು ನೋಡಿ ಅರ್ಜಿ ಹಾಕಿದೆ.”

ಮೊದಲ ಉತ್ತರದಲ್ಲಿದ್ದ ಸತ್ಯವೇ ಇಲ್ಲಿಯೂ ಇದೆ. ಅಲ್ಲಿ ವಾಕ್ಯಗಳೆಲ್ಲ ಅವರ ಮೇಲೆ ನಿಂತಿದ್ದವು, ಇಲ್ಲಿ ತನ್ನ ಕೆಲಸದ ಮೇಲೆ ನಿಂತಿವೆ. ಹಳೆಯ ಕಂಪೆನಿಗೆ ಸಿಕ್ಕಿದ್ದು ಒಂದೇ ವಾಕ್ಯ, ಅದೂ ಬರೀ ಸಂಗತಿ. ಕ್ಲೈಂಟಿನ ಹೆಸರು ಹೇಳಲಿಲ್ಲ, ಹೇಳಲೂಬಾರದು. ಗುಟ್ಟು ಕಾಯುತ್ತೇನೆ ಎಂದು ಸಹಿ ಹಾಕಿದವಳು ಇಲ್ಲಿ ಬಾಯಿಬಿಟ್ಟರೆ, ನಮ್ಮ ಗುಟ್ಟನ್ನೂ ಬಿಡುತ್ತಾಳೆ ಎನ್ನುತ್ತಾರೆ.

ಇಷ್ಟು ಹೇಳಿ ನಿಲ್ಲಿಸು. ಆಚೆಯವನು ಸ್ವಲ್ಪ ಹೊತ್ತು ಸುಮ್ಮನಿರಬಹುದು. ಆ ಮೌನ ತಡೆಯಲಾರದೆ “ಮತ್ತೆ, ನಿಜ ಹೇಳಬೇಕೆಂದರೆ...” ಎಂದು ಶುರು ಮಾಡಿ ಹುಡುಗರು ಕೆಡಿಸಿಕೊಳ್ಳುವುದನ್ನು ಬಹಳ ನೋಡಿದ್ದೇನೆ. ದೂರು ಹೊರಬೀಳುವುದು ಹೆಚ್ಚಾಗಿ ಎರಡನೇ ಪ್ರಶ್ನೆಗೆ. “ಒಳಗೆ ಯಾಕೆ ಬದಲಿಸಿಕೊಡಲಿಲ್ಲ?” ಎಂದರೆ ಅವರ ಕಷ್ಟವನ್ನೂ ಸೇರಿಸಿ ಹೇಳು: “ಆ ಕೆಲಸ ಗೊತ್ತಿದ್ದವರು ಕ್ಲೈಂಟಿಗೆ ಬೇಕಿತ್ತು, ನನ್ನನ್ನು ಬಿಡುವುದು ಅವರಿಗೆ ಸುಲಭ ಇರಲಿಲ್ಲ.” “ಸಂಬಳಕ್ಕಾಗಿ ಅಲ್ಲವೋ?” ಎಂದರೆ ಅಲ್ಲ ಎಂದು ಸುಳ್ಳು ಹೇಳಬೇಡ. “ಅದೂ ಇದೆ, ಆದರೆ ಇದೇ ಕೆಲಸಕ್ಕೆ ಹೆಚ್ಚು ಕೊಟ್ಟರೂ ನಾನು ಡೆವಲಪ್‌ಮೆಂಟನ್ನೇ ಹುಡುಕುತ್ತಿದ್ದೆ” ಎಂದು ಹೇಳಬಹುದು. ಅದು ನಿಜವಾಗಿದ್ದರೆ ಮಾತ್ರ.

ಟೆಕ್ನಿಕಲ್ ರೌಂಡಿನಲ್ಲಿ, ಮ್ಯಾನೇಜರ್ ರೌಂಡಿನಲ್ಲಿ, ಎಚ್‌ಆರ್ ಮುಂದೆ, ಅರ್ಜಿಯ ಫಾರ್ಮಿನಲ್ಲಿ ಒಂದೇ ಕಾರಣ ಇರಲಿ. ಅವರು ಆಮೇಲೆ ಕೂತು ತಾಳೆ ನೋಡುತ್ತಾರೆ. ಕೆಲಸದಿಂದ ತೆಗೆದಿದ್ದರೆ ಅದನ್ನೂ ನೇರವಾಗಿ ಹೇಳು: “ಪ್ರಾಜೆಕ್ಟ್ ಮುಗಿಯಿತು, ತಂಡದಲ್ಲಿ ಜನ ಕಡಿಮೆ ಮಾಡಿದರು, ಅದರಲ್ಲಿ ನಾನೂ ಇದ್ದೆ.” ಅದರಲ್ಲಿ ನಾಚಿಕೆಯಿಲ್ಲ. ಮುಚ್ಚಿಟ್ಟರೆ ರಿಲೀವಿಂಗ್ ಲೆಟರಿನಲ್ಲೋ ಪಿಎಫ್ ದಾಖಲೆಯ ತಾರೀಕಿನಲ್ಲೋ ಹೊರಗೆ ಬರುತ್ತದೆ, ಕೊಟ್ಟ ಆಫರನ್ನೂ ಹಿಂದೆ ತೆಗೆದುಕೊಳ್ಳಬಹುದು.

ದೂರಬೇಡ ಎಂದರೆ ಅನ್ಯಾಯ ನುಂಗಿಕೋ ಎಂದಲ್ಲ. ಸಂಬಳ ಬಾಕಿ ಇದ್ದರೆ “ಮೂರು ತಿಂಗಳಿಂದ ಸಂಬಳ ಬಂದಿಲ್ಲ” ಎನ್ನುವುದು ನಿಂದೆಯಲ್ಲ, ಸಂಗತಿ. ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗು. ಲೈಂಗಿಕ ಕಿರುಕುಳವಾಗಿದ್ದರೆ 2013ರ ಕಾಯ್ದೆಯ ಪ್ರಕಾರ ಕಂಪೆನಿಯ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡು. ಅಲ್ಲಿ ವಿಚಾರಣೆ ನಡೆಸಿ ಕ್ರಮಕ್ಕೆ ಶಿಫಾರಸು ಮಾಡುವ ಅಧಿಕಾರ ಇದೆ. ಸಂದರ್ಶನ ಮಾಡುವವನಿಗೆ ಆ ಅಧಿಕಾರ ಇಲ್ಲ.

ಹೋಗುವ ಮೊದಲು ಉತ್ತರವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳು. ಒಂದು ನಿಮಿಷ ದಾಟಿದರೆ ಎಲ್ಲೋ ಸಿಟ್ಟು ನುಸುಳಿದೆ ಎಂದರ್ಥ. “ಅವರು” ಎಂದು ಶುರುವಾಗುವ ವಾಕ್ಯಗಳನ್ನೆಲ್ಲ ತೆಗೆದು ಇನ್ನೊಮ್ಮೆ ಹೇಳಿನೋಡು. ಆಗಲೂ ಹೇಳಲಿಕ್ಕೆ ಏನಾದರೂ ಉಳಿದರೆ ನಿನ್ನ ಉತ್ತರ ತಯಾರಾಗಿದೆ. ಏನೂ ಉಳಿಯದಿದ್ದರೆ, ಎಲ್ಲಿಂದ ಹೊರಡಬೇಕು ಎಂದು ನಿನಗೆ ಗೊತ್ತಿದೆ, ಎಲ್ಲಿಗೆ ಎಂದು ಇನ್ನೂ ಗೊತ್ತಿಲ್ಲ. ಅದನ್ನು ತೀರ್ಮಾನಿಸಿಯೇ ಅರ್ಜಿ ಹಾಕು. ಇಲ್ಲವಾದರೆ ಎರಡು ವರ್ಷದಲ್ಲಿ ಇನ್ನೊಂದು ಕಂಪೆನಿಯ ಬಗ್ಗೆ ಇದೇ ದೂರು ಹಿಡಿದುಕೊಂಡು ಮತ್ತೆ ಸಂದರ್ಶನಕ್ಕೆ ಹೊರಡುತ್ತೀಯ.