‘ಫೋನಿಗೆ ವೈರಸ್’ ಎಂಬ ಎಚ್ಚರಿಕೆ: ಅಜ್ಜಿಯ ಸ್ಕ್ರೀನ್‌ಶಾಟ್‌ನಲ್ಲಿ ಏನಿತ್ತು?

ತಿಪಟೂರಿನ ಅಜ್ಜಿಯ ಫೋನು ಬೆಳಿಗ್ಗೆಯಿಂದ ಬಿಡದೆ ಟಿಂಗ್ ಎನ್ನುತ್ತಿತ್ತು. ಕೆಂಪು ತ್ರಿಕೋನದ ಪಕ್ಕದಲ್ಲಿ, ಫೋನಿಗೆ 13 ವೈರಸ್ ಹೊಕ್ಕಿವೆ, ಕೂಡಲೇ ತೆಗೆಯಿರಿ ಎಂಬ ಇಂಗ್ಲಿಷ್ ಬರಹ. ಅಜ್ಜಿ ಅದನ್ನು ಮುಟ್ಟಲಿಲ್ಲ. ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದು, ಪವರ್ ಬಟನ್ ಮತ್ತು ವಾಲ್ಯೂಮ್ ಇಳಿಸುವ ಬಟನ್ ಒಟ್ಟಿಗೆ ಒತ್ತಿ, ಬಂದ ಸ್ಕ್ರೀನ್‌ಶಾಟನ್ನು ಜರ್ಮನಿಯಲ್ಲಿರುವ ಮೊಮ್ಮಗನಿಗೆ ವಾಟ್ಸ್‌ಆ್ಯಪ್ ಮಾಡಿದರು. ‘ಪುಟ್ಟಾ, ಇದೇನೋ? ಬ್ಯಾಂಕಿನ ದುಡ್ಡು ಹೋಗುತ್ತೇನೋ?’

ಮೊಮ್ಮಗ ನೋಡಿದ್ದು ತ್ರಿಕೋನವನ್ನಲ್ಲ, ಅದರ ಮೇಲಿದ್ದ ಸಣ್ಣ ಅಕ್ಷರಗಳನ್ನು. ಅಲ್ಲಿ Chrome ಎಂದಿತ್ತು, ಪಕ್ಕದಲ್ಲಿ ಯಾವುದೋ ಗೊತ್ತಿಲ್ಲದ ಜಾಲತಾಣದ ವಿಳಾಸ. ಅಂದರೆ ಎಚ್ಚರಿಕೆ ಕಳಿಸುತ್ತಿದ್ದುದು ಫೋನಲ್ಲ, ಒಂದು ವೆಬ್‌ಸೈಟು. ವೆಬ್‌ಸೈಟಿಗೆ ಫೋನಿನೊಳಗೆ ವೈರಸ್ ಹುಡುಕಲು ಬರುವುದೇ ಇಲ್ಲ. ಆ ‘13’ ಎಂಬುದು ಹೆದರಿಸಲು ಬರೆದ ಸಂಖ್ಯೆ.

‘ಅಜ್ಜಿ, ಇತ್ತೀಚೆಗೆ ಎಲ್ಲಾದರೂ Allow ಅಂತ ಒತ್ತಿದ್ಯಾ?’ ಎಂದು ಮೊಮ್ಮಗ ಕೇಳಿದ. ಒತ್ತಿದ್ದರು. ಪಂಚಾಂಗ ಹುಡುಕುವಾಗ ತೆರೆದ ಪುಟವೊಂದು, ನೀವು ರೋಬೋಟ್ ಅಲ್ಲವೆಂದು ತೋರಿಸಲು Allow ಒತ್ತಿ ಎಂದಿತ್ತಂತೆ. ಅದು ಪರೀಕ್ಷೆಯಲ್ಲ, ನೋಟಿಫಿಕೇಶನ್ ಕಳಿಸಲು ಕೇಳುವ ಅನುಮತಿ. ಒಮ್ಮೆ ಕೊಟ್ಟರೆ ಆ ಪುಟ ಮುಚ್ಚಿದ ಮೇಲೂ ಸಂದೇಶ ಬರುತ್ತಲೇ ಇರುತ್ತದೆ.

ಫೋನ್ ಕರೆಯಲ್ಲೇ ಅವನು ಒಂದೊಂದಾಗಿ ಮಾಡಿಸಿದ. ಮೊದಲು Chrome ತೆರೆದು, ಬಲ ಮೂಲೆಯ ಮೂರು ಚುಕ್ಕಿ ಒತ್ತುವುದು. ಅಲ್ಲಿ Settings, ಆಮೇಲೆ Site settings, ಅದರೊಳಗೆ Notifications. ಅನುಮತಿ ಪಡೆದ ವೆಬ್‌ಸೈಟುಗಳ ಪಟ್ಟಿ ಅಲ್ಲಿ ಕಾಣುತ್ತದೆ. ಸ್ಕ್ರೀನ್‌ಶಾಟ್‌ನಲ್ಲಿದ್ದ ವಿಳಾಸವನ್ನು ಪಟ್ಟಿಯಲ್ಲಿ ಗುರುತಿಸಿ, ಒತ್ತಿ, ಅನುಮತಿ ತೆಗೆಯಬೇಕು. ಅಜ್ಜಿಯ ಪಟ್ಟಿಯಲ್ಲಿ ಪರಿಚಯವಿಲ್ಲದ ಇನ್ನೂ ಎರಡು ವಿಳಾಸಗಳಿದ್ದವು, ಅವನ್ನೂ ತೆಗೆಸಿದ. ಕೆಲವು ಫೋನುಗಳಲ್ಲಿ ಈ ಹೆಸರುಗಳು ಕನ್ನಡದಲ್ಲಿರುತ್ತವೆ, ದಾರಿ ಹೆಚ್ಚುಕಡಿಮೆ ಇದೇ. ಕೊನೆಗೆ ಪ್ಲೇ ಸ್ಟೋರ್‌ನಲ್ಲಿ ಅಜ್ಜಿಯ ಖಾತೆಯ ಚಿತ್ರ ಒತ್ತಿಸಿ, Play Protect ತೆರೆಸಿ Scan ಒತ್ತಿಸಿದ. ಆ್ಯಪ್‌ಗಳನ್ನು ನಿಜಕ್ಕೂ ತಪಾಸಣೆ ಮಾಡುವುದು ಇದು.

ಸ್ಕ್ರೀನ್‌ಶಾಟ್ ಕಳಿಸುವ ಮೊದಲು ಒಂದು ಜಾಗ್ರತೆ. ಅದೇ ಪರದೆಯಲ್ಲಿ ಬ್ಯಾಂಕಿನ ಒಟಿಪಿ ಇಣುಕುತ್ತಿದ್ದರೆ ಆ ಭಾಗ ಕತ್ತರಿಸಿ ಕಳಿಸಿ. ವಿಳಾಸವಿರುವ ಸಾಲನ್ನು ಮಾತ್ರ ಕತ್ತರಿಸಬೇಡಿ.

ಎಚ್ಚರಿಕೆಯನ್ನು ಒತ್ತಿ, ಅದು ಹೇಳಿದ ಆ್ಯಪ್ ಹಾಕಿಕೊಂಡಾಗಿದ್ದರೆ ಅನುಮತಿ ತೆಗೆದರಷ್ಟೇ ಸಾಲದು. ಇಂಟರ್‌ನೆಟ್ ಬಂದ್ ಮಾಡಿ, ಆ ಆ್ಯಪ್ ಅಳಿಸಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿ. ಹಣ ಮುಂದಿನ ಖಾತೆಗಳಿಗೆ ಹರಿದುಹೋಗುವ ಮುನ್ನ ದೂರು ತಲುಪಿದರೆ ತಡೆಹಿಡಿಯಲು ಅವಕಾಶವಿರುತ್ತದೆ.