ಎಂಡೋಸ್ಕೋಪಿಗೆ ಹೋಗುವ ಮುಂಚೆ ಮನೆಯವರೆಲ್ಲ ತಿಳಿಯಬೇಕಾದದ್ದು



ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ನಮ್ಮ ಸಂಘಗಳಲ್ಲಿ "ಅಕ್ಕಾರ, ಡಾಕ್ಟರ್ ಬಾಯಿಂದ ನಳಿಗಿ ಹಾಕಿ ಹೊಟ್ಟಿ ನೋಡ್ತೀವಂತ ಹೇಳ್ಯಾರ, ಏನ್ ಮಾಡಬೇಕ್ರಿ?" ಎಂದು ಕೇಳುವವರಿದ್ದಾರೆ. ಈ ಪರೀಕ್ಷೆಗೆ ಎಂಡೋಸ್ಕೋಪಿ ಎನ್ನುತ್ತಾರೆ. ಸುಮಾರು ಕಿರುಬೆರಳಿನಷ್ಟು ದಪ್ಪದ, ಬಾಗುವ ನಳಿಗೆಯ ತುದಿಗೆ ಸಣ್ಣ ಕ್ಯಾಮೆರಾ ಇರುತ್ತದೆ. ಅನ್ನನಾಳ, ಜಠರ ಮತ್ತು ಸಣ್ಣಕರುಳಿನ ಆರಂಭದ ಭಾಗವನ್ನು ಅದರಿಂದ ನೋಡುತ್ತಾರೆ. ಬರೀ ನೋಡುವುದಾದರೆ ಹೆಚ್ಚಾಗಿ ಐದು ಹತ್ತು ನಿಮಿಷದ ಕೆಲಸ.

ಇದು ದೇವರ ಉಪವಾಸದಂತಲ್ಲ

ಏಕಾದಶಿಗೆ, ಶ್ರಾವಣ ಸೋಮವಾರಕ್ಕೆ ನಾವು ಉಪವಾಸ ಎಂದರೂ ಚಹಾ, ಹಾಲು, ಬಾಳೆಹಣ್ಣು, ಸಾಬುದಾಣಿ ನಡೆಯುತ್ತದೆ. ಪರೀಕ್ಷೆಯ ಉಪವಾಸದಲ್ಲಿ ಇವು ಯಾವುವೂ ನಡೆಯುವುದಿಲ್ಲ. ಹಾಲು ಜಠರದಲ್ಲಿ ಗಟ್ಟಿಯಾಗುವುದರಿಂದ ಅದನ್ನು ಊಟದ ಲೆಕ್ಕಕ್ಕೇ ಹಿಡಿಯುತ್ತಾರೆ. ಹಾಲು ಹಾಕಿದ ಚಹಾವೂ ಹಾಗೆಯೇ.

ಇಷ್ಟು ಕಟ್ಟುನಿಟ್ಟು ಏಕೆ? ನೀರು ಅಡ್ಡದಾರಿ ಹಿಡಿದರೆ ನಮಗೆ ಕೆಮ್ಮು ಬಂದು ಶ್ವಾಸಕೋಶವನ್ನು ಕಾಪಾಡುತ್ತದೆ. ಪರೀಕ್ಷೆಯ ವೇಳೆಗೆ ಗಂಟಲು ಮರಗಟ್ಟಿರುತ್ತದೆ, ಮಂಪರೂ ಇರಬಹುದು. ಆಗ ಹೊಟ್ಟೆಯಲ್ಲಿದ್ದದ್ದು ವಾಂತಿಯಾದರೆ ಕೆಮ್ಮು ಸರಿಯಾಗಿ ಬಾರದೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಜೀವಕ್ಕೆ ಅಪಾಯ ಇರುವುದು ಇಲ್ಲಿಯೇ.

ಸಾಮಾನ್ಯ ಲೆಕ್ಕ ಇದು: ಹಗುರ ಊಟ, ಹಾಲು, ಚಹಾ ಆಗಿ ಕನಿಷ್ಠ 6 ತಾಸು, ಎಣ್ಣೆ, ಮಾಂಸದ ಭಾರಿ ಊಟವಾದರೆ 8 ತಾಸು, ಬರೀ ನೀರು 2 ತಾಸು ಮುಂಚಿನವರೆಗೆ. ದವಾಖಾನೆಯ ಚೀಟಿಯಲ್ಲಿ ಇದಕ್ಕಿಂತ ಹೆಚ್ಚು ಬರೆದಿದ್ದರೆ ಅದನ್ನೇ ಪಾಲಿಸಿರಿ.

ಒಂದು ಉದಾಹರಣೆ

ಮೂಡಲಗಿ ಕಡೆಯ ಒಬ್ಬ ತಾಯಿಗೆ ಮುಂಜಾನೆ 10 ಗಂಟೆಗೆ ಪರೀಕ್ಷೆ ಎಂದಿಟ್ಟುಕೊಳ್ಳೋಣ. ರಾತ್ರಿ 8 ಗಂಟೆಗೆ ರೊಟ್ಟಿ ಪಲ್ಯ ಊಟ ಮಾಡಿದರು. ಬೆಳಿಗ್ಗೆ 8ರೊಳಗೆ ಬೇಕಾದರೆ ಸ್ವಲ್ಪ ನೀರು ಕುಡಿಯಬಹುದು. ಆದರೆ ಅವರು ಬಸ್ ಹತ್ತುವ ಮುಂಚೆ, ಆರೂವರೆಗೆ, "ಒಂದು ಕಪ್ ಚಹಾದಿಂದ ಏನಾಗ್ತೈತಿ" ಎಂದು ಕುಡಿದುಬಿಟ್ಟರು. 10ಕ್ಕೆ ಆಗುವುದು ಮೂರೂವರೆ ತಾಸು ಮಾತ್ರ. ಹನ್ನೆರಡೂವರೆಗೆ 6 ತಾಸು ತುಂಬುತ್ತದೆ. ಇದನ್ನು ನರ್ಸ್‌ಗೆ ಹೇಳಿದರೆ ಪರೀಕ್ಷೆಯನ್ನು ಮುಂದಕ್ಕೆ ಹಾಕುತ್ತಾರೆ, ಅಷ್ಟೇ. ಬೈತಾರೆಂದು ಮುಚ್ಚಿಟ್ಟರೆ ಅಪಾಯ.

ಮುಂಜಾನೆ ಮಿಶ್ರಿ ತಿಕ್ಕುವುದು, ಎಲೆ ಅಡಿಕೆ, ತಂಬಾಕು ಕೂಡ ಅಂದು ಬೇಡ. ಉರಿಗೆ ಕುಡಿಯುವ ಬಿಳಿ ಔಷಧಿಯೂ ಬೇಡ. ಅದು ಜಠರದ ಗೋಡೆಗೆ ಮೆತ್ತಿಕೊಂಡು ಹುಣ್ಣು ಕಾಣದಂತೆ ಮಾಡುತ್ತದೆ.

ಗುಳಿಗೆಗಳ ವಿಷಯ

ಸಕ್ಕರೆ ಕಾಯಿಲೆಯವರು ಉಪವಾಸವಿದ್ದು ಎಂದಿನಂತೆ ಗುಳಿಗೆ, ಇನ್ಸುಲಿನ್ ತೆಗೆದುಕೊಂಡರೆ ಸಕ್ಕರೆ ಇಳಿದು ಬವಳಿ ಬಂದು ಬೀಳಬಹುದು. ದಿನ ಗೊತ್ತು ಮಾಡುವಾಗಲೇ ಡಾಕ್ಟರನ್ನು ಕೇಳಿರಿ, ಮೊದಲ ಪಾಳಿ ಬೇಡಿಕೊಳ್ಳಿರಿ. ರಕ್ತ ತೆಳುವಾಗುವ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿರಿ. ಗರ್ಭಿಣಿಯಾಗಿದ್ದರೆ, ಎದೆಹಾಲು ಕುಡಿಸುತ್ತಿದ್ದರೆ, ಉಬ್ಬಸ ಇದ್ದರೆ, ಹಲ್ಲು ಅಲುಗುತ್ತಿದ್ದರೆ ಮೊದಲೇ ಹೇಳಿರಿ.

ಸ್ಪ್ರೇಯೋ, ಮಂಪರಿನ ಇಂಜೆಕ್ಷನ್ನೋ?

ಬರೀ ಗಂಟಲಿಗೆ ಸ್ಪ್ರೇ ಹೊಡೆದರೆ ಎಚ್ಚರವಿರುತ್ತದೆ. ಓಕರಿಕೆ ಬಂದರೂ ಉಸಿರು ಕಟ್ಟುವುದಿಲ್ಲ, ಏಕೆಂದರೆ ನಳಿಗೆ ಹೋಗುವುದು ಅನ್ನದ ದಾರಿಯಲ್ಲಿ. ನಿಧಾನ ಉಸಿರಾಡುತ್ತ, ಜೊಲ್ಲನ್ನು ನುಂಗದೆ ಹೊರಗೆ ಹರಿಯಬಿಡಬೇಕು. ಸುಮಾರು ಒಂದು ತಾಸಿನಲ್ಲಿ ಗಂಟಲಿಗೆ ಸ್ಪರ್ಶ ಬರುತ್ತದೆ. ಆಗ ಮೊದಲು ಒಂದು ಗುಟುಕು ತಣ್ಣೀರು. ಕೆಮ್ಮು ಬಾರದಿದ್ದರೆ ಗಂಜಿ, ಮೆತ್ತನೆ ಅನ್ನ.

ಮಂಪರಿನ ಇಂಜೆಕ್ಷನ್ ಕೊಟ್ಟರೆ ಕಷ್ಟ ಕಡಿಮೆ, ಆದರೆ ಜವಾಬ್ದಾರಿ ಮನೆಯವರಿಗೆ ಹೆಚ್ಚು. ರೋಗಿ ಎದ್ದು ಮಾತಾಡಿದರೂ ಆ ಹೊತ್ತಿನ ಮಾತು ನೆನಪಿನಲ್ಲಿ ಉಳಿಯದಿರಬಹುದು. ಆದ್ದರಿಂದ ಡಾಕ್ಟರ್ ಹೇಳುವುದನ್ನು ಜೊತೆಗೆ ಬಂದವರೇ ಕೇಳಿ ಬರೆದುಕೊಳ್ಳಬೇಕು. 24 ತಾಸು ಗಾಡಿ ಹೊಡೆಯುವುದು, ಒಲೆಯ ಮುಂದೆ ಒಬ್ಬರೇ ಕೂಡುವುದು, ಮೇವು ಕತ್ತರಿಸುವ ಮಷಿನ್, ಬಾವಿ ಕಟ್ಟೆ ಬೇಡ. ಸಾಲದ ಕಾಗದಕ್ಕೆ ಸಹಿ, ಹೆಬ್ಬೆಟ್ಟು ಕೂಡ ಅಂದು ಹಾಕಿಸಬೇಡಿರಿ; ಸಂಘದವರೂ ಕೇಳಬಾರದು. ರಾತ್ರಿ ಒಬ್ಬರು ಹತ್ತಿರ ಮಲಗಿರಿ.

ಯಾವಾಗ ತಿರುಗಿ ಓಡಬೇಕು?

ಒಂದೆರಡು ದಿನ ಗಂಟಲು ಕೆರೆತ, ಅಂದು ಹೊಟ್ಟೆ ಉಬ್ಬರ ಸಹಜ. ಒಳಗೆ ಗಾಳಿ ತುಂಬಿರುತ್ತಾರೆ. ಆದರೆ ಎದೆ, ಹೊಟ್ಟೆ ಅಥವಾ ಕುತ್ತಿಗೆಯಲ್ಲಿ ಹೆಚ್ಚುತ್ತ ಹೋಗುವ ನೋವು, ಜ್ವರ, ಉಸಿರಾಟಕ್ಕೆ ತೊಂದರೆ, ನುಂಗಲಾಗದಿರುವುದು, ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿರಿ. ಗ್ಯಾಸ್ ಎಂದು ಸೋಡಾ ಕುಡಿಸಬೇಡಿರಿ. 108ಕ್ಕೆ ಫೋನ್ ಮಾಡಿ, ಪರೀಕ್ಷೆಯ ಚೀಟಿ ಹಿಡಿದು ದೊಡ್ಡ ದವಾಖಾನೆಗೆ ಹೋಗಿರಿ.

ಸಭೆಯಲ್ಲಿ ಚರ್ಚಿಸಿರಿ

1. ಮಧ್ಯಾಹ್ನ 12ಕ್ಕೆ ಪರೀಕ್ಷೆ ಇದ್ದರೆ ಹಾಲಿನ ಚಹಾ ಎಷ್ಟು ಗಂಟೆಯೊಳಗೆ ಮುಗಿಯಬೇಕು?
2. ನಮ್ಮ ಸಂಘದಲ್ಲಿ ಜೊತೆಗೆ ಹೋಗಲು ಯಾರೂ ಇಲ್ಲದ ಸದಸ್ಯೆಯ ಸಂಗಡ ಯಾರು ಹೋಗುತ್ತೀರಿ?